ಸೋರುವ ತಾರಸಿ, ಮಾಲೀಕರಿಗೆ ಒಂದು ಫೋನು: ಏನು ಹೇಳಬೇಕು, ಹೇಗೆ ಹೇಳಬೇಕು

ಮೈಸೂರಿನ ಕುವೆಂಪುನಗರದಲ್ಲಿ ನಾವು ಬಾಡಿಗೆಗಿದ್ದ ಮನೆ ಮೊದಲ ಮಹಡಿಯದು. ನಮ್ಮ ತಲೆ ಮೇಲೆ ಬರೀ ತಾರಸಿ. ಒಂದು ಮೇ ತಿಂಗಳ ರಾತ್ರಿ ಕೃತ್ತಿಕೆ ಮಳೆ ಬಾರಿಸುತ್ತಿತ್ತು. ಮಲಗುವ ಕೋಣೆಯ ಮೂಲೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಕೆಳಗೆ ಬಚ್ಚಲಿನ ಬಕೆಟ್ಟು. ಒಂಬತ್ತೂವರೆಗೆ ಮಂಡ್ಯದಲ್ಲಿದ್ದ ಮಾಲೀಕರಿಗೆ ಫೋನ್ ಹಚ್ಚಿದೆ.

"ಸಾರ್, ಮನೆಯೆಲ್ಲಾ ಸೋರ್ತಾ ಇದೆ. ಏನಾದ್ರೂ ಮಾಡಿ ಸಾರ್."

"ಇಂಥಾ ಮಳೆಗೆ ಎಲ್ಲಾರ ಮನೇನೂ ಸೋರತ್ತಪ್ಪಾ. ನಿಲ್ಲಲಿ, ನೋಡೋಣ."

ಮಳೆ ನಿಂತಿತು. ಅವರು ಮರೆತರು. ನಿಜ ಹೇಳಬೇಕೆಂದರೆ ನಾನೂ ಮರೆತೆ. ಅಕ್ಟೋಬರ್‌ನಲ್ಲಿ ಅದೇ ಮೂಲೆ, ಅದೇ ಬಕೆಟ್ಟು. ಮೈಸೂರಿಗೆ ಜೋರು ಮಳೆ ಬರುವುದೇ ಹೀಗೆ: ಮೇ ತಿಂಗಳಲ್ಲಿ ಒಂದು ಸಲ, ದಸರಾ ಆಚೀಚೆ ಇನ್ನೊಂದು ಸಲ. ನಡುವೆ ಬರುವ ಜಿಟಿಜಿಟಿ ತಿಂಗಳುಗಳಲ್ಲಿ ಸೋರುವ ಮನೆಯೂ ಸುಮ್ಮನಿರುತ್ತದೆ.

ಮಾಲೀಕರ ಮೇಲೆ ನನಗೆ ಸಿಟ್ಟಿತ್ತು. ಆಮೇಲೆ ಯೋಚಿಸಿದರೆ ತಪ್ಪು ನನ್ನ ಮಾತಿನಲ್ಲೇ ಇತ್ತು. "ಏನಾದ್ರೂ ಮಾಡಿ" ಅಂದರೆ "ನೋಡೋಣ" ಅನ್ನೋದು ಬಿಟ್ಟು ಅವರಾದರೂ ಇನ್ನೇನು ಹೇಳಬೇಕು? ಅಕ್ಟೋಬರ್‌ನಲ್ಲಿ ನಾನು ಬೇರೆ ಥರ ಕೇಳಿದೆ: "ಯಾವ ದಿನ ಮೇಸ್ತ್ರಿನ ಕಳಿಸ್ತೀರಿ ಸಾರ್?" ಈ ಫೋನಿನಲ್ಲಿ ನಿಮಗೆ ಸಿಗಬೇಕಾಗಿರುವುದು ರಿಪೇರಿಯೂ ಅಲ್ಲ, ಭರವಸೆಯೂ ಅಲ್ಲ. ಒಂದು ತಾರೀಖು ಮಾತ್ರ. ಯಾರಾದರೂ ಮೇಲೆ ಹತ್ತಿ ನೋಡುವ ದಿನ. ಮುಂದೆ ಹೇಳಿರುವುದೆಲ್ಲ ಆ ತಾರೀಖು ಪಡೆಯುವ ಉಪಾಯ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ನೀರು ಫ್ಯಾನ್ ಕೊಕ್ಕೆಯ ಹತ್ತಿರವೋ ಸ್ವಿಚ್ ಬೋರ್ಡ್ ಹತ್ತಿರವೋ ಇಳಿಯುತ್ತಿದ್ದರೆ ಈ ಲೇಖನ ಆಮೇಲೆ ಓದಿ. ಒದ್ದೆ ಕೈಯಲ್ಲಿ ಏನನ್ನೂ ಮುಟ್ಟದೆ ಆ ಕೋಣೆಯ ಎಂಸಿಬಿ ಇಳಿಸಿ. ಯಾವುದು ಅಂತ ಗೊತ್ತಾಗದಿದ್ದರೆ ಮೇನ್ ಇಳಿಸಿ. ಆಮೇಲೆ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡಿ. ಅಂಥ ಫೋನಿಗೆ ಹೊತ್ತು ಗೊತ್ತು ಬೇಕಿಲ್ಲ.

ಫೋನ್ ಎತ್ತುವ ಮೊದಲು ತಾರಸಿ ಹತ್ತಿ

ಮಾಲೀಕರು ಕೇಳುವ ಮೊದಲ ಪ್ರಶ್ನೆ "ಎಲ್ಲಿಂದ ಸೋರ್ತಾ ಇದೆ?" ಅಂತ. "ಗೊತ್ತಿಲ್ಲ ಸಾರ್" ಅಂದರೆ ಮಾತು ಅಲ್ಲೇ ಸಡಿಲವಾಗುತ್ತದೆ. ಹಾಗಾಗಿ ಹತ್ತು ನಿಮಿಷ ಖರ್ಚು ಮಾಡಿ.

ಮೊದಲು ನೋಡಬೇಕಾದ್ದು, ಸೋರುವುದು ಮಳೆ ನೀರೋ ಟ್ಯಾಂಕಿನ ನೀರೋ ಅಂತ. ಮಳೆ ಬಂದ ಒಂದೆರಡು ಗಂಟೆಯಲ್ಲಿ ತೊಟ್ಟಿಕ್ಕಲು ಶುರುವಾಗಿ, ಬಿಸಿಲು ಬಿದ್ದ ಮೇಲೆ ನಿಧಾನಕ್ಕೆ ಒಣಗಿದರೆ ಅದು ತಾರಸಿ. ನಾಲ್ಕು ದಿನ ಮಳೆಯೇ ಇಲ್ಲದಿದ್ದರೂ ಕಲೆ ಹಸಿಯಾಗಿದ್ದರೆ ಮೇಲಿನ ನೀರಿನ ಟ್ಯಾಂಕ್, ಅದರ ಪೈಪು, ಇಲ್ಲವೇ ಗೋಡೆಯೊಳಗಿನ ಪೈಪು. ಇದಕ್ಕೆ ಪ್ಲಂಬರ್ ಬೇಕು, ಅದಕ್ಕೆ ಗಾರೆ ಮೇಸ್ತ್ರಿ ಬೇಕು. ತಪ್ಪು ಆಳು ಬಂದರೆ ಒಂದು ದಿನ ಹಾಳು, ಜೊತೆಗೆ ಮಾಲೀಕರ ತಾಳ್ಮೆಯೂ ಹಾಳು.

ಮಳೆ ನೀರೇ ಅಂತ ಗೊತ್ತಾದರೆ ಮೇಲೆ ಹೋಗಿ ಎರಡು ಜಾಗ ನೋಡಿ. ನೀರು ಹೊರಗೆ ಹೋಗುವ ಪೈಪಿನ ಬಾಯಿಯ ಜಾಲರಿ ಒಂದು. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ ಇನ್ನೊಂದು. ನಮ್ಮ ಮನೆಯಲ್ಲಿ ಜಾಲರಿಯ ಮೇಲೆ ಹೊಂಗೆ ಎಲೆ ಕೊಳೆತು ಕಪ್ಪು ಮುದ್ದೆಯಾಗಿ ಕೂತಿತ್ತು. ಅದರ ಸುತ್ತ ಬೆರಳು ಮುಳುಗುವಷ್ಟು ನೀರು ನಿಂತಿತ್ತು. ನಿಂತ ನೀರಿಗೆ ದಾರಿ ಬೇಕು. ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಸಾಕು, ಅದು ಇಳಿಯುತ್ತದೆ. ಪ್ಯಾರಾಪೆಟ್ ಮೂಲೆಯಲ್ಲಿ ಇಂಥ ಬಿರುಕು ಬರುವುದಕ್ಕೆ ಬಿಸಿಲು ಕಾರಣ. ಮೋಲ್ಡು ಕಾದು ಹಿಗ್ಗುತ್ತದೆ, ತಣ್ಣಗಾಗಿ ಕುಗ್ಗುತ್ತದೆ. ಮೇಲೆ ಕೂತ ಇಟ್ಟಿಗೆ ಗೋಡೆ ಅದರ ಲೆಕ್ಕಕ್ಕೆ ಸರಿಯಾಗಿ ಹಿಗ್ಗುವುದಿಲ್ಲ. ಎರಡರ ನಡುವೆ ಮೆತ್ತಿದ ಗಾರೆ ಕೆಲವು ವರ್ಷಗಳಲ್ಲಿ ಬಾಯಿ ಬಿಡುತ್ತದೆ.

ಜಾಲರಿಯನ್ನು ನೀವೇ ಕ್ಲೀನ್ ಮಾಡಿ. ಮಾಲೀಕರ ಕೆಲಸ ಅಂತ ಬಿಡಬೇಡಿ. ಐದು ನಿಮಿಷದ ಕೆಲಸ ಇದು, ಆದರೆ ಫೋನಿನಲ್ಲಿ ನಿಮ್ಮ ಕೈಗೆ ಒಂದು ಗಟ್ಟಿ ಮಾತು ಕೊಡುತ್ತದೆ: "ಜಾಲರಿ ನಾವೇ ಕ್ಲೀನ್ ಮಾಡಿದ್ವಿ ಸಾರ್, ಆದ್ರೂ ಸೋರ್ತಿದೆ." "ಎಲೆ ಕಟ್ಟಿರತ್ತೆ, ತೆಗೀರಿ" ಅನ್ನುವ ಉತ್ತರಕ್ಕೆ ಆಮೇಲೆ ಜಾಗವೇ ಇರುವುದಿಲ್ಲ.

ಫೋಟೋ ತೆಗೆಯುವ ಮೊದಲು ಒಂದು ಪೆನ್ಸಿಲ್ ಹುಡುಕಿ. ಸೀಲಿಂಗ್ ಮೇಲೆ ಕಂದು ಬಣ್ಣದ ಕಲೆ ಎಲ್ಲಿವರೆಗೆ ಬಂದಿದೆಯೋ ಅದರ ಅಂಚಿಗೆ ಸುತ್ತ ತೆಳ್ಳಗೆ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಖು ಬರೆಯಿರಿ. ಮುಂದಿನ ಮಳೆಗೆ ಕಲೆ ಗೆರೆ ದಾಟಿದರೆ ಇನ್ನೊಂದು ಗೆರೆ, ಇನ್ನೊಂದು ತಾರೀಖು. ನಮ್ಮ ಮೂಲೆಯಲ್ಲಿ ಹತ್ತು ದಿನಕ್ಕೆ ಮೂರು ಗೆರೆ ಆಗಿದ್ದವು. ಮೊದಲನೆಯದು ಊಟದ ತಟ್ಟೆಯಷ್ಟು, ಮೂರನೆಯದು ಮೊರದಷ್ಟು. "ಜಾಸ್ತಿ ಆಗ್ತಾ ಇದೆ ಸಾರ್" ಅಂತ ನೂರು ಸಲ ಹೇಳುವುದಕ್ಕಿಂತ ಆ ಒಂದು ಫೋಟೋ ವಾಸಿ.

ಕೊನೆಗೆ ಕರಾರು ಪತ್ರ ತೆಗೆದು ಓದಿ. ನಮ್ಮ ಕಡೆ ಹನ್ನೊಂದು ತಿಂಗಳ ಕರಾರೇ ಜಾಸ್ತಿ. ಛಾಪಾ ಕಾಗದದ ಅಂಗಡಿಯವರ ಹತ್ತಿರ ಇರುವ ಒಂದೇ ನಮೂನೆಯಲ್ಲಿ ಹೆಸರು, ಬಾಡಿಗೆ ಬದಲಾಯಿಸಿ ಕೊಡುತ್ತಾರೆ. ಅದರಲ್ಲಿ "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಅನ್ನುವ ಸಾಲು ಸಾಮಾನ್ಯ. ನಲ್ಲಿ ವಾಷರ್, ಬಲ್ಬು, ಬಾಗಿಲ ಚಿಲಕ ಸಣ್ಣಪುಟ್ಟ. ತಾರಸಿ ಸಣ್ಣಪುಟ್ಟದ್ದಲ್ಲ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲೂ ಕಟ್ಟಡದ ಮೂಲ ರಚನೆಯ ರಿಪೇರಿ ಮಾಲೀಕರ ಪಾಲಿಗೇ ಇದೆ, ಬಾಡಿಗೆದಾರ ಹಾಳು ಮಾಡಿದ್ದರೆ ಮಾತ್ರ ಬೇರೆ. ಅದು ಬರೀ ಮಾದರಿ. ರಾಜ್ಯ ಒಪ್ಪಿ ಕಾಯ್ದೆ ಮಾಡಿಕೊಂಡರೆ ಮಾತ್ರ ಲಾಗೂ ಆಗುತ್ತದೆ. ಆದರೂ ಯಾವುದು ಯಾರದು ಅನ್ನುವ ಅಂದಾಜಿಗೆ ಸಾಕು. ಇದನ್ನು ನೀವು ತಿಳಿದಿಟ್ಟುಕೊಳ್ಳಿ. ಮೊದಲ ಫೋನಿನಲ್ಲಿ ಬಾಯಿ ಬಿಡಬೇಡಿ.

ಯಾವಾಗ ಮಾಡುವುದು

ಮಳೆ ಸುರಿಯುತ್ತಿರುವಾಗ ಬೇಡ. ಆ ಹೊತ್ತಿನಲ್ಲಿ ನಿಮ್ಮ ದನಿ ಏರಿರುತ್ತದೆ, ಅವರ ಹತ್ತಿರ "ನಿಲ್ಲಲಿ" ಅನ್ನುವ ಉತ್ತರ ಸಿದ್ಧವಿರುತ್ತದೆ. ಮಾರನೇ ದಿನ ಬೆಳಿಗ್ಗೆ ಹತ್ತೂವರೆ, ಹನ್ನೊಂದು ಗಂಟೆ ಒಳ್ಳೆಯದು. ನಿವೃತ್ತರಾದ ಮಾಲೀಕರಾದರೆ ಸ್ನಾನ, ಪೂಜೆ, ತಿಂಡಿ, ಪೇಪರ್ ಎಲ್ಲ ಮುಗಿದಿರುತ್ತದೆ. ಕೆಲಸಕ್ಕೆ ಹೋಗುವವರಾದರೆ ಸಂಜೆ ಏಳರ ಹೊತ್ತು. ಕೆಲವರು ರಾಹುಕಾಲದಲ್ಲಿ ದುಡ್ಡು ಖರ್ಚಾಗುವ ಮಾತೇ ಆಡುವುದಿಲ್ಲ. ನಮ್ಮ ಮಾಲೀಕರು ಆ ಪೈಕಿ. ಕ್ಯಾಲೆಂಡರ್ ನೋಡಿಯೇ ಫೋನ್ ಮಾಡುತ್ತಿದ್ದೆ, ನಗಬೇಡಿ.

ಬಾಡಿಗೆ ಬಾಕಿ ಇದ್ದರೆ ಮೊದಲು ಅದನ್ನು ಹಾಕಿ. ಹಾಕಿದ ಮಾರನೇ ದಿನವೇ ಈ ಫೋನಿಗೆ ಪ್ರಶಸ್ತ. ಐದನೇ ತಾರೀಖು ದಾಟಿಯೂ ಬಾಡಿಗೆ ಹೋಗಿಲ್ಲದಿದ್ದರೆ ಮಾತು ತಾರಸಿಯಿಂದ ಜಾರಿ ಬಾಡಿಗೆಗೆ ಹೋಗಲು ಒಂದು ನಿಮಿಷ ಸಾಕು.

ಮಾತು ಹೀಗೆ ಶುರುವಾಗಲಿ

ಅಕ್ಟೋಬರ್‌ನ ಆ ಫೋನನ್ನು ನೆನಪಿರುವಷ್ಟು ಹಾಗೇ ಬರೆಯುತ್ತೇನೆ. ನಿಮ್ಮ ಮಾಲೀಕರು ಹೆಂಗಸರಾದರೆ "ಸಾರ್" ಜಾಗದಲ್ಲಿ ನೀವು ಕರೆಯುವ ಹಾಗೆ "ಆಂಟಿ" ಅಥವಾ "ಅಮ್ಮ" ಹಾಕಿಕೊಳ್ಳಿ. ಮಿಕ್ಕಿದ್ದು ಬದಲಾಗಬೇಕಿಲ್ಲ.

"ನಮಸ್ಕಾರ ಸಾರ್, ಕುವೆಂಪುನಗರದ ಮೇಲ್ಮನೆಯಿಂದ ಮಾತಾಡ್ತಿರೋದು. ಚೆನ್ನಾಗಿದ್ದೀರಾ? ಒಂದೈದು ನಿಮಿಷ ಮಾತಾಡಬಹುದಾ ಸಾರ್?"

"ಹೇಳಪ್ಪಾ."

"ಬಾಡಿಗೆ ನಿನ್ನೆ ಹಾಕಿದ್ದೀನಿ ಸಾರ್, ಬಂದಿದೆ ಅನ್ಕೋತೀನಿ."

"ಬಂದಿದೆ, ಬಂದಿದೆ."

"ಸಾರ್, ತಾರಸಿ ವಿಷಯ ಒಂದು ಹೇಳ್ಬೇಕಿತ್ತು. ಮಲಗೋ ರೂಮಿನ ಮೂಲೇಲಿ, ರಸ್ತೆ ಕಡೆ ಗೋಡೆ ಇದ್ಯಲ್ಲ ಸಾರ್, ಅಲ್ಲಿ ನೀರು ಇಳೀತಾ ಇದೆ. ಈ ಹತ್ತು ದಿನದಲ್ಲಿ ಮೂರು ಸಲ ಆಯ್ತು. ಮೇಲ್ಹತ್ತಿ ನೋಡ್ದೆ. ಜಾಲರಿ ನಾವೇ ಕ್ಲೀನ್ ಮಾಡಿದ್ವಿ, ಆದ್ರೂ ನಿಲ್ಲಲಿಲ್ಲ. ಪ್ಯಾರಾಪೆಟ್ ಬುಡದಲ್ಲಿ ಬಿರುಕು ಬಿಟ್ಟಿದೆ. ಹೀಗೇ ಬಿಟ್ರೆ ಮೋಲ್ಡಿನ ಕಂಬಿ ತುಕ್ಕು ಹಿಡಿಯತ್ತೆ ಅನ್ನೋದು ನನ್ನ ಯೋಚನೆ ಸಾರ್. ಈ ವಾರದಲ್ಲಿ ಯಾವ ದಿನ ಮೇಸ್ತ್ರಿನ ಕಳಿಸ್ತೀರಿ?"

ಇಷ್ಟು ಹೇಳಿ ಬಾಯಿ ಮುಚ್ಚಿ. ಈ ಫೋನಿನಲ್ಲಿ ಅತಿ ಕಷ್ಟದ ಕೆಲಸ ಇದೇ. ಆ ಕಡೆ ನಾಲ್ಕು ಸೆಕೆಂಡು ಮಾತಿಲ್ಲ ಅಂದ ತಕ್ಷಣ ನಮಗೆ ಸಂಕೋಚ ಆಗುತ್ತದೆ, "ನಿಮಗೆ ಅನುಕೂಲ ಆದಾಗ ಸಾರ್, ಅರ್ಜೆಂಟೇನಿಲ್ಲ" ಅಂದುಬಿಡುತ್ತೇವೆ. ಅಲ್ಲಿಗೆ ಮುಗಿಯಿತು. ಮರ್ಯಾದೆ "ಸಾರ್"ನಲ್ಲಿದೆ, ದನಿಯಲ್ಲಿದೆ. ಕೇಳಬೇಕಾದ್ದನ್ನು ವಾಪಸ್ ತೆಗೆದುಕೊಳ್ಳುವುದು ಮರ್ಯಾದೆಯ ಲೆಕ್ಕಕ್ಕೆ ಬರುವುದಿಲ್ಲ.

ಆ ಮಾತಿನಲ್ಲಿ "ನಮಗೆ ತೊಂದರೆ" ಅನ್ನುವುದು ಎಲ್ಲೂ ಇಲ್ಲ, ಗಮನಿಸಿದಿರಾ? ಬಕೆಟ್ಟು, ಒದ್ದೆ ಹಾಸಿಗೆ, ಮಗುವಿನ ನೆಗಡಿ ಎಲ್ಲ ನಿಜವೇ. ಆದರೆ ಮಾಲೀಕರಿಗೆ ತಟ್ಟುವುದು ಕಂಬಿಯ ಮಾತು. ಅದು ಹೆದರಿಸುವ ಮಾತೂ ಅಲ್ಲ. ನೀರು ಕಾಂಕ್ರೀಟಿನೊಳಗೆ ಇಳಿದು ಕಂಬಿ ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಊದಿ ಕೆಳಗಿನ ಗಾರೆಯನ್ನು ತಳ್ಳುತ್ತದೆ. ಹಳೇ ಮನೆಗಳ ಸೀಲಿಂಗಿನಿಂದ ಹೆಕ್ಕಳಿಕೆ ಉದುರಿ ಕಂಬಿ ಕಾಣುವುದು ಹೀಗೇ. ಆ ಹಂತಕ್ಕೆ ಹೋದರೆ ರಿಪೇರಿ ಖರ್ಚು ಈಗಿನ ಹಲವು ಪಟ್ಟು.

ಅವರು ಹೀಗಂದರೆ

"ಈಗ ಮಳೆಗಾಲ, ಕೆಲಸ ಮಾಡಿದ್ರೂ ನಿಲ್ಲಲ್ಲ. ಮಳೆ ಕಳೀಲಿ."

ಇದು ಅರ್ಧ ಸತ್ಯ, ಅದಕ್ಕೇ ಇದಕ್ಕೆ ಉತ್ತರ ಹುಡುಕಲು ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ವಾಟರ್‌ಪ್ರೂಫಿಂಗ್ ಕೋಟಿಂಗ್ ಹಚ್ಚಬೇಕಾದರೆ ತಾರಸಿ ಚೆನ್ನಾಗಿ ಒಣಗಿರಬೇಕು. ಹಸಿ ಮೇಲೆ ಹಚ್ಚಿದರೆ ಗುಳ್ಳೆ ಎದ್ದು ಸಿಪ್ಪೆ ಥರ ಬಿಟ್ಟುಕೊಳ್ಳುತ್ತದೆ. ಆ ಮಟ್ಟಿಗೆ ಅವರ ಮಾತು ಸರಿ. ಆದರೆ ಎರಡು ದಿನ ಬಿಸಿಲು ಬಿದ್ದರೆ ಬಿರುಕು ಕೆತ್ತಿ ತುಂಬಬಹುದು. ಅದೂ ಆಗದಿದ್ದರೆ ಮೂಲೆಗೆ ಟಾರ್ಪಾಲು ಹಾಸಿ, ಪ್ಯಾರಾಪೆಟ್ ಮೇಲೆ ಎಳೆದು, ಇಟ್ಟಿಗೆ ಇಟ್ಟು ಬಿಗಿಮಾಡಬಹುದು. ಹಾಗಾಗಿ ಅವರ ಮಾತನ್ನು ಒಪ್ಪಿಕೊಂಡೇ ಕೆಲಸವನ್ನು ಎರಡು ಭಾಗ ಮಾಡಿ:

"ನಿಜ ಸಾರ್, ಕೋಟಿಂಗ್ ಈಗ ಆಗಲ್ಲ. ಅದನ್ನ ಮಳೆ ಕಳೆದ ಮೇಲೆ ಡಿಸೆಂಬರ್‌ನಲ್ಲಿ ಮಾಡ್ಸೋಣ. ಈಗ ಬಿರುಕು ತುಂಬಿ ಟಾರ್ಪಾಲ್ ಹಾಕಿದ್ರೆ ಅಲ್ಲೀವರೆಗೆ ತಡೆಯತ್ತೆ. ಅಷ್ಟಕ್ಕೆ ಮೇಸ್ತ್ರಿ ಈ ವಾರ ಬರಲಿ. ಶನಿವಾರ ಆಗತ್ತಾ ಸಾರ್?"

ಈಗ ಒಂದರ ಬದಲು ಎರಡು ತಾರೀಖು ಕೇಳಿದ ಹಾಗಾಯಿತು. ಡಿಸೆಂಬರ್ ಅಂತ ಯಾಕೆ? ನಮ್ಮ ಕಡೆ ನವೆಂಬರ್‌ನಲ್ಲೂ ಮಳೆ ಬರುವುದುಂಟು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಿಸಿಲು ನಂಬಬಹುದು.

"ದಸರಾ ಮುಗೀಲಿ" ಅಥವಾ "ಪಕ್ಷ ಕಳೀಲಿ."

ದಸರೆಯ ಮಾತು ನೆಪ ಅಂತಲೇ ತಿಳಿಯಬೇಡಿ. ಆ ಹತ್ತು ದಿನ ಮನೆ ತುಂಬಾ ನೆಂಟರು, ಆಯುಧಪೂಜೆ ಆಚೀಚೆ ಮೇಸ್ತ್ರಿಗಳು ಊರಿಗೆ ಹೋಗಿಬಿಡುತ್ತಾರೆ. "ಆಯ್ತು ಸಾರ್, ವಿಜಯದಶಮಿ ಆದ ಮೂರನೇ ದಿನ ಅಂತ ಇಟ್ಕೊಳ್ಳೋಣ್ವಾ? ಅಲ್ಲೀವರೆಗೆ ಟಾರ್ಪಾಲ್ ನಾನೇ ಹಾಕಿಸ್ತೀನಿ" ಅನ್ನಿ. ಪಕ್ಷ, ಆಷಾಢ ಅಂದರೆ "ಹೊಸ ಕೆಲಸ ಅಲ್ವಲ್ಲ ಸಾರ್, ಇರೋದನ್ನ ಸರಿ ಮಾಡೋದು" ಅಂತ ಮೆತ್ತಗೆ ಹೇಳಿ ನೋಡಿ. ಒಪ್ಪದಿದ್ದರೆ ವಾದ ಬೇಡ. ಕಳೆದ ಮಾರನೇ ದಿನದ ತಾರೀಖು ಕೇಳಿ. ನಂಬಿಕೆ ಅವರದು, ತಾರೀಖು ನಿಮ್ಮದು.

"ಮೊದ್ಲಿದ್ದೋರು ಐದು ವರ್ಷ ಇದ್ರು, ಒಂದು ದಿನಾನೂ ಹೀಗೆ ಹೇಳ್ಲಿಲ್ಲ."

ಇದರ ಅರ್ಥ ನೀವು ಏನೋ ಮಾಡಿದ್ದೀರಿ ಅಂತ. ಮೈ ಉರಿಯುತ್ತದೆ, ಆದರೆ ನುಂಗಿಕೊಳ್ಳಿ. "ಇರಬಹುದು ಸಾರ್, ಬಿರುಕು ಆಮೇಲೆ ಬಿಟ್ಟಿರಬಹುದು. ಫೋಟೋ ಕಳಿಸ್ತೀನಿ, ನೋಡಿ. ಮೇಸ್ತ್ರಿ ಬಂದಾಗ ನೀವೂ ಬಂದ್ರೆ ಇನ್ನೂ ಒಳ್ಳೇದು." ಹಳಬರ ಮಾತಿಗೆ ಇಷ್ಟು ಸಾಕು. ಒಂದು ವೇಳೆ ತಾರಸಿಯಲ್ಲಿ ನೀವು ಡಿಶ್ ಆಂಟೆನಾ ಹಾಕಲು ಮೊಳೆ ಹೊಡೆಸಿದ್ದರೆ ಅದನ್ನು ಮುಚ್ಚಿಡಬೇಡಿ. ಮೇಸ್ತ್ರಿ ಕಣ್ಣಿಗೆ ಮೊದಲು ಬೀಳುವುದೇ ಅದು.

"ನೀವೇ ಮಾಡ್ಸಿ, ಬಾಡಿಗೇಲಿ ಮುರ್ಕೊಳ್ಳಿ."

ಕೇಳಲು ಚೆನ್ನಾಗಿದೆ. ಜಗಳ ಜಾಸ್ತಿ ಹುಟ್ಟುವುದೂ ಇಲ್ಲೇ. ಮುಂದಿನ ತಿಂಗಳು ನೀವು ಆರೂವರೆ ಸಾವಿರ ಮುರಿದು ಹಾಕಿದಾಗ "ನಾನು ಸಾವಿರ, ಎರಡು ಸಾವಿರ ಅನ್ಕೊಂಡಿದ್ದೆ" ಅನ್ನುತ್ತಾರೆ. ಆದ್ದರಿಂದ:

"ಆಗ್ಲಿ ಸಾರ್, ಮಾಡಿಸ್ತೀನಿ. ಮೊದಲು ಮೇಸ್ತ್ರಿನ ಕರೆಸಿ ಎಷ್ಟಾಗತ್ತೆ ಅಂತ ಬರೆಸಿ ವಾಟ್ಸಾಪ್ ಮಾಡ್ತೀನಿ. ನೀವು ಸರಿ ಅಂತ ಮೆಸೇಜ್ ಹಾಕಿದ್ಮೇಲೇ ಕೆಲಸ ಶುರು ಮಾಡಿಸ್ತೀನಿ."

ನಮ್ಮಲ್ಲಿ ಆದದ್ದು ಇದೇ. ಬಾಡಿಗೆ 14,000. ಮೇಸ್ತ್ರಿ ಒಂದು ಕಾಗದದ ಚೂರಿನ ಮೇಲೆ ಸಾಮಾನು, ಕೂಲಿ ಸೇರಿ 6,500 ಅಂತ ಬರೆದುಕೊಟ್ಟ. ಅದರ ಫೋಟೋ ಕಳಿಸಿದೆ. ಮಾಲೀಕರು ಮಂಡ್ಯದಿಂದಲೇ ಅವನಿಗೆ ಫೋನ್ ಮಾಡಿ ಚೌಕಾಸಿ ಮಾಡಿ 6,000ಕ್ಕೆ ಇಳಿಸಿದರು. ಆಮೇಲೆ ನನಗೆ "ಮಾಡಿಸಿ" ಅಂತ ಒಂದೇ ಪದದ ಮೆಸೇಜ್ ಬಂತು. ದುಡ್ಡು ನಗದಾಗಿ ಕೊಡದೆ ಯುಪಿಐನಲ್ಲಿ ಹಾಕಿದೆ, ಲೆಕ್ಕ ಉಳಿಯಿತು. ಮುಂದಿನ ತಿಂಗಳು 8,000 ಹಾಕಿದಾಗ ಯಾರೂ ಹುಬ್ಬು ಗಂಟಿಕ್ಕಲಿಲ್ಲ.

"ಅಷ್ಟು ತೊಂದ್ರೆ ಆದ್ರೆ ಖಾಲಿ ಮಾಡ್ಕೊಂಡು ಹೋಗಿ."

ಬಹುಪಾಲು ಸಲ ಇದು ಸಿಟ್ಟಿನ ಮಾತು. ಉತ್ತರ ಸಣ್ಣದಾಗಿರಲಿ: "ಅದು ಬೇರೆ ವಿಷಯ ಸಾರ್, ಕರಾರಿನ ಪ್ರಕಾರ ಕೂತು ಮಾತಾಡೋಣ. ಈಗ ನೀರು ಇಳೀತಿರೋದು ನಿಮ್ಮ ಮನೇಗೇ ಅಲ್ವಾ. ಮೇಸ್ತ್ರಿ ಒಂದ್ಸಲ ನೋಡ್ಲಿ." ಆದರೆ ನಿಮ್ಮ ಕಾಲ ಕೆಳಗಿನ ನೆಲ ಎಷ್ಟು ಗಟ್ಟಿ ಅನ್ನುವುದು ನಿಮಗೆ ಗೊತ್ತಿರಲಿ. ಹನ್ನೊಂದು ತಿಂಗಳು ಮುಗಿದು, ಕರಾರು ಹೊಸದು ಮಾಡದೆ ಬಾಡಿಗೆ ಮಾತ್ರ ಕೊಡುತ್ತಾ ಇದ್ದರೆ ಅದು ಸಾಮಾನ್ಯವಾಗಿ ತಿಂಗಳ ಲೆಕ್ಕದ ಬಾಡಿಗೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದನ್ನು 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ನೋಟಿಸ್ ಕೊಟ್ಟ ಮಾತ್ರಕ್ಕೆ ಸಾಮಾನು ಹೊರಗೆ ಹಾಕುವ ಹಾಗಿಲ್ಲ, ಕೋರ್ಟಿಗೇ ಹೋಗಬೇಕು. ಆದರೂ ನಾವು ಮೆತ್ತಗೆ ಮಾತಾಡುವುದಕ್ಕೆ ಇದೂ ಒಂದು ಕಾರಣ.

"ನನ್ನ ಮಗನ್ನ ಕೇಳಿ, ಅವನೇ ನೋಡ್ಕೊಳ್ಳೋದು."

"ಆಯ್ತು ಸಾರ್, ನಂಬರ್ ಕೊಡಿ. ನಾನು ಫೋನ್ ಮಾಡ್ತೀನಿ ಅಂತ ನೀವೂ ಒಂದು ಮಾತು ಹೇಳಿರಿ." ಮಗನಿಗೆ ಮತ್ತೆ ಮೊದಲಿನಿಂದ ಹೇಳಿ. ಕಳಿಸುವ ಮೆಸೇಜು ಮಾತ್ರ ಇಬ್ಬರಿಗೂ ಹೋಗಲಿ.

ಫೋನ್ ಇಟ್ಟ ಕೂಡಲೇ

ಆಡಿದ ಮಾತು ಗಾಳಿಗೆ ಹೋಗುತ್ತದೆ. ಹತ್ತು ನಿಮಿಷದೊಳಗೆ ವಾಟ್ಸಾಪ್ ಹಾಕಿ. ಕದ್ದು ಕಾಲ್ ರೆಕಾರ್ಡ್ ಮಾಡುವುದಕ್ಕಿಂತ ಇದು ಸಾವಿರ ಪಾಲು ಮೇಲು. ರೆಕಾರ್ಡ್ ಮಾಡಿದ್ದು ಗೊತ್ತಾದ ದಿನ ಸಂಬಂಧ ಹಳಸುತ್ತದೆ. ಮೆಸೇಜ್‌ನಲ್ಲಿ ಹಾಗಲ್ಲ, ಎಲ್ಲ ಎದುರಿಗೇ ಇರುತ್ತದೆ. ನಾನು ಹಾಕಿದ್ದು ಇದು:

"ಸಾರ್, ಈಗ ಮಾತಾಡಿದ ಪ್ರಕಾರ: ಮಲಗುವ ಕೋಣೆಯ ರಸ್ತೆ ಕಡೆ ಮೂಲೆಯಲ್ಲಿ ತಾರಸಿಯಿಂದ ನೀರು ಇಳಿಯುತ್ತಿದೆ. ಶನಿವಾರ ಬೆಳಿಗ್ಗೆ ಮೇಸ್ತ್ರಿ ಬಂದು ನೋಡುತ್ತಾರೆ. ಬಿರುಕು ಈಗ, ಕೋಟಿಂಗ್ ಡಿಸೆಂಬರ್‌ನಲ್ಲಿ. ಮೂರು ಫೋಟೋ ಕಳಿಸಿದ್ದೇನೆ, ಪೆನ್ಸಿಲ್ ಗೆರೆ ಪಕ್ಕ ತಾರೀಖು ಇದೆ. ನಾನು ಶನಿವಾರ ಮನೆಯಲ್ಲೇ ಇರುತ್ತೇನೆ. ಧನ್ಯವಾದ ಸಾರ್."

ದೂರಿಲ್ಲ, ಬೆದರಿಕೆಯಿಲ್ಲ. ಅವರು ಏನೂ ಬರೆಯದೆ ಕೈಮುಗಿಯುವ ಚಿತ್ರ ಹಾಕಿದರೂ ಸಾಕು. ಓದಿದ್ದಾರೆ, ಇಲ್ಲ ಅಂದಿಲ್ಲ.

ಶನಿವಾರ ಯಾರೂ ಬರದಿದ್ದರೆ

ಅದೇ ಸಂಜೆ ಫೋನ್ ಮಾಡಿ. ಸೋಮವಾರದವರೆಗೆ ಕಾದರೆ ತಾರೀಖಿಗೆ ಬೆಲೆಯಿಲ್ಲ ಅಂತ ನೀವೇ ಹೇಳಿಕೊಟ್ಟ ಹಾಗಾಗುತ್ತದೆ.

"ಸಾರ್, ಮೇಸ್ತ್ರಿ ಇವತ್ತು ಬರ್ಲಿಲ್ಲ, ಬೆಳಿಗ್ಗೆಯಿಂದ ಕಾದೆ. ಅವರ ನಂಬರ್ ಕೊಟ್ರೆ ನಾನೇ ಮಾತಾಡಿ ನಾಳೆಗೋ ನಾಡಿದ್ದಿಗೋ ಕರೆಸ್ತೀನಿ. ಖರ್ಚು ನಿಮ್ಮನ್ನ ಕೇಳೇ ಮಾಡ್ತೀನಿ."

ಎಷ್ಟೋ ಸಲ ಮಾಲೀಕರು ಹೇಳಿರುತ್ತಾರೆ, ಮೇಸ್ತ್ರಿಯೇ ಕೈಕೊಟ್ಟಿರುತ್ತಾನೆ. ಈ ಮಾತು ಇಬ್ಬರ ಮುಖವನ್ನೂ ಉಳಿಸುತ್ತದೆ. ಮೂರನೇ ಸಲವೂ ಹೀಗೇ ಆದರೆ ದನಿ ಏರಿಸದೆ ಮಾತನ್ನು ಮಾತ್ರ ಬಿಗಿ ಮಾಡಿ:

"ಸಾರ್, ಇದು ಮೂರನೇ ಸಲ. ನಿಮಗೆ ಕೆಲಸ ಇರತ್ತೆ, ನಂಗೊತ್ತು. ಆದ್ರೆ ನಾನು ಇನ್ನು ಕಾಯೋಕಾಗಲ್ಲ. ಹದಿನೈದು ದಿನದೊಳಗೆ ಮಾಡಿಸಿ ಅಂತ ಒಂದು ಕಾಗದ ಕಳಿಸ್ತಾ ಇದ್ದೀನಿ, ಬೇಜಾರು ಮಾಡ್ಕೋಬೇಡಿ."

ಹೇಳಿದ ಮೇಲೆ ಕಳಿಸಲೇಬೇಕು. ಕಾಗದ ಒಂದು ಪುಟ ಸಾಕು: ಎಲ್ಲಿ ಸೋರುತ್ತಿದೆ, ಯಾವ ಯಾವ ದಿನ ಹೇಳಿದಿರಿ, ಯಾವಾಗಿನ ಒಳಗೆ ಆಗಬೇಕು. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಇದಕ್ಕೂ ಒಂದು ಕಾರಣವಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ, ಮಾಲೀಕರು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಅಂತಿದೆ. ಇದರಲ್ಲಿ ಎರಡು ಮಾತು ಮುಖ್ಯ. ತಿಳಿಸಿರಬೇಕು. ಮತ್ತು ಆ ರಿಪೇರಿ ಅವರ ಹೊಣೆಯೇ ಆಗಿರಬೇಕು. ಎರಡನೆಯದಕ್ಕೆ ಕರಾರು ಪತ್ರವೇ ಮೊದಲ ಆಧಾರ, ಅದಕ್ಕೇ ಮೊದಲೇ ಓದಿ ಅಂದದ್ದು. ಕರಾರಿನಲ್ಲಿ ತಾರಸಿಯ ಮಾತೇ ಇಲ್ಲದಿದ್ದರೆ ಮುರಿಯುವ ಮೊದಲು ವಕೀಲರನ್ನು ಕೇಳಿ. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ, ನಿಜ. ಆದರೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಮನೆಗಳನ್ನು ಅದು ಹೊರಗಿಟ್ಟಿದೆ. ಈಗ ಮೈಸೂರಿನಲ್ಲಿ ಅಷ್ಟಕ್ಕೆ ಒಂದು ರೂಮು ಸಿಕ್ಕರೆ ಹೇಳಿ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವಿದೆ. ಸಹಾಯವಾಣಿ 15100. ಬಾಡಿಗೆಯನ್ನೇ ನಿಲ್ಲಿಸಿಬಿಡುವುದು ಮಾತ್ರ ಬೇಡ. ಅಲ್ಲಿಗೆ ತಾರಸಿಯ ಕಥೆ ಹೋಗಿ ನಿಮ್ಮ ಬಾಕಿಯ ಕಥೆ ಆಗುತ್ತದೆ.

ಮೇಸ್ತ್ರಿ ಬಂದ ದಿನ

ನೀವೂ ಜೊತೆಗೆ ಮೇಲೆ ಹತ್ತಿ. ನಮ್ಮಲ್ಲಿಗೆ ಬಂದವನು ಚೀಲ ಇಟ್ಟವನೇ ಸಿಮೆಂಟ್ ಹಾಲು ಕಲೆಸಿ ಬಿರುಕಿನ ಮೇಲೆ ಬಳಿಯಲು ಹೊರಟ. ಅದು ಒಂದು ಬೇಸಿಗೆಯೂ ತಡೆಯುವುದಿಲ್ಲ. ಬಿರುಕನ್ನು ಉಳಿಯಲ್ಲಿ ಕೆತ್ತಿ ಅಗಲ ಮಾಡಬೇಕು, ಬ್ರಷ್‌ನಲ್ಲಿ ದೂಳು ತೆಗೆಯಬೇಕು, ಆಮೇಲೆ ವಾಟರ್‌ಪ್ರೂಫಿಂಗ್ ದ್ರಾವಣ ಸೇರಿಸಿದ ಗಾರೆ ತುಂಬಿ ಮೂಲೆಗೆ ಇಳಿಜಾರಾಗಿ ಮೆತ್ತಬೇಕು. ನಾನು ಅಲ್ಲೇ ನಿಂತು ಮಾಲೀಕರಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಮೇಸ್ತ್ರಿ ಕೈಗೆ ಕೊಟ್ಟೆ. "ಕೆತ್ತಿ ತುಂಬಪ್ಪಾ, ಮೇಲೆ ಸಾರಿಸ್ಬೇಡ" ಅಂತ ಅವರೇ ಹೇಳಿದರು. ನಾನು ಹೇಳಿದ್ದರೆ ಅವನು ಕೇಳುತ್ತಿರಲಿಲ್ಲ.

ಗಾರೆ ಗಟ್ಟಿಯಾಗಲು ಒಂದು ವಾರ ಬಿಟ್ಟು, ಮಳೆ ಇಲ್ಲದ ದಿನ ನೋಡಿ, ಪೈಪಿನ ಬಾಯಿಗೆ ಹಳೇ ಗೋಣಿ ತುರುಕಿ ಆ ಮೂಲೆಯಲ್ಲಿ ಒಂದಿಂಚು ನೀರು ನಿಲ್ಲಿಸಿದೆವು. ಇಡೀ ದಿನ ಬಿಟ್ಟೆವು. ಸಂಜೆ ಕೆಳಗೆ ಬಂದು ಸ್ಟೂಲ್ ಹತ್ತಿ ಟಾರ್ಚ್ ಹಾಕಿ ನೋಡಿದರೆ ಕಲೆ ಮೂರನೇ ಗೆರೆಯ ಒಳಗೇ ಇತ್ತು. ಅದರ ಫೋಟೋವನ್ನೂ ಮಾಲೀಕರಿಗೆ ಕಳಿಸಿದೆ. "ಡಿಸೆಂಬರ್‌ನಲ್ಲಿ ಕೋಟಿಂಗ್ ನೆನಪು ಮಾಡಪ್ಪ" ಅಂತ ಅವರೇ ಬರೆದರು. ಒಂದನೇ ತಾರೀಖೇ ಫೋನ್ ಮಾಡಿದೆ, ರಾಹುಕಾಲ ಕಳೆದ ಮೇಲೆ.